ಒಂದೇ ಹೆಸರು, ಹಲವು ಬರಹ: ಅಂಕಪಟ್ಟಿಯ ಕನ್ನಡ ಹೆಸರುಗಳನ್ನು ತಾಳೆ ಹಾಕುವ ಮತ್ತು ಅಕಾರಾದಿಯಾಗಿ ಜೋಡಿಸುವ ಕ್ರಮ

ಸಮಸ್ಯೆಯ ಸ್ವರೂಪ

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳ ಕೈಗೆ ಸಾಮಾನ್ಯವಾಗಿ ಎರಡು ಪಟ್ಟಿಗಳು ಬರುತ್ತವೆ. ಒಂದು, ಶಾಲೆಯ ಕಚೇರಿಯಲ್ಲಿರುವ ವಿದ್ಯಾರ್ಥಿಗಳ ಪಟ್ಟಿ. ಇನ್ನೊಂದು, ನಾವು ನಡೆಸಿದ ಘಟಕ ಪರೀಕ್ಷೆಯ ಅಂಕಪಟ್ಟಿ. ಎರಡನ್ನೂ ಸೇರಿಸಿ ಪ್ರತಿ ಮಗುವಿನ ಎದುರು ಅದರ ಅಂಕ ಬರುವಂತೆ ಮಾಡಬೇಕು. ಇಂಗ್ಲಿಷ್ ಹೆಸರುಗಳಾದರೆ ಸ್ಪ್ರೆಡ್‌ಶೀಟಿನ ಒಂದು ಸೂತ್ರ ಸಾಕು. ಕನ್ನಡದ ಹೆಸರುಗಳಲ್ಲಿ ಅದೇ ಸೂತ್ರ ಅರ್ಧ ತರಗತಿಯನ್ನು "ಇಲ್ಲ" ಎನ್ನುತ್ತದೆ. ಕೆಲವೊಮ್ಮೆ ಇನ್ನೂ ಕೆಟ್ಟದಾಗಿ, ಒಬ್ಬರ ಅಂಕವನ್ನು ಇನ್ನೊಬ್ಬರ ಮುಂದೆ ತಂದಿಡುತ್ತದೆ. ಪರಿಹಾರ ಬೋಧನೆಗೆ ಯಾರನ್ನು ಆರಿಸಬೇಕೆಂಬುದು ಈ ಪಟ್ಟಿಯಿಂದಲೇ ತೀರ್ಮಾನವಾಗುವುದರಿಂದ ಇದನ್ನು ಬರೀ ಕಂಪ್ಯೂಟರಿನ ತೊಡಕೆಂದು ಬಿಡುವಂತಿಲ್ಲ.

ಒಂಬತ್ತನೇ ತರಗತಿಯ 42 ವಿದ್ಯಾರ್ಥಿಗಳ ಪಟ್ಟಿಯನ್ನು ತಾಳೆ ಹಾಕಿದ ಕ್ರಮವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇನೆ. ಕಚೇರಿಯ ಪಟ್ಟಿ ನುಡಿಯಲ್ಲಿ ಟೈಪಾಗಿತ್ತು. ಅಂಕಪಟ್ಟಿಯನ್ನು ನಾಲ್ವರು ಪ್ರಶಿಕ್ಷಣಾರ್ಥಿಗಳು ಹಂಚಿಕೊಂಡು, ಕೆಲವರು ಮೊಬೈಲಿನಲ್ಲಿ, ಕೆಲವರು ಲ್ಯಾಪ್‌ಟಾಪಿನಲ್ಲಿ, ಯುನಿಕೋಡ್ ಕನ್ನಡದಲ್ಲಿ ತುಂಬಿದ್ದೆವು. ಉದಾಹರಣೆಗೆ ಕೊಟ್ಟಿರುವ ಹೆಸರುಗಳೆಲ್ಲ ಬದಲಿಸಿದವು.

ಹಂತ 1: ಸೆಲ್ಲಿನೊಳಗೆ ನಿಜವಾಗಿ ಏನಿದೆ?

ಪರದೆಯ ಮೇಲೆ "ಮಂಜುನಾಥ" ಎಂದು ಕಾಣುವುದು ಕಂಪ್ಯೂಟರಿನೊಳಗೆ ಮೂರು ಬಗೆಯಲ್ಲಿರಬಹುದು.

ಮೊದಲನೆಯದು ಯುನಿಕೋಡ್. ಇದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಚಿಹ್ನೆಗೂ ತನ್ನದೇ ಸಂಖ್ಯೆಯಿದೆ. ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ. ಎರಡನೆಯದು ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟ್‌ಗಳ ಬರಹ. ಇಲ್ಲಿ ಒಳಗಿರುವುದು ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳು. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಬದಲಿಸಿದರೆ ವೇಷ ಕಳಚಿ ಮೂಲ ಕಾಣುತ್ತದೆ. ಮೂರನೆಯದು, ಯುನಿಕೋಡ್ ಆಗಿಯೇ ಹೊರಟ ಸಿಎಸ್‌ವಿ ಕಡತವನ್ನು ತಪ್ಪು ಸಂಕೇತ ಕ್ರಮದಲ್ಲಿ ತೆರೆದಾಗ ಸಿಗುವ ಮುರಿದ ಬರಹ. ಮೂರೂ ಹೀಗೆ ಕಾಣುತ್ತವೆ:

```
ಮಂಜುನಾಥ
ªÀÄAdÄ£ÁxÀ
à²®à²‚à²œ...
```

ಮೂರನೆಯದನ್ನು ಗುರುತಿಸುವುದು ಸುಲಭ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ ಮೂರು ಬೈಟ್‌ಗಳಾಗಿ ಉಳಿಯುತ್ತದೆ. ಅವುಗಳಲ್ಲಿ ಮೊದಲ ಎರಡು ಯಾವಾಗಲೂ ಒಂದೇ ಎರಡು ಜೋಡಿಗಳಲ್ಲಿ ಒಂದಾಗಿರುತ್ತವೆ. ಆದ್ದರಿಂದ ಸಾಲಿನ ತುಂಬ `à²` ಅಥವಾ `à³` ಮತ್ತೆ ಮತ್ತೆ ಕಂಡರೆ ಇದೇ ಸಂಗತಿ. ಇದನ್ನು ತಿದ್ದಲು ಹೋಗಬಾರದು. ಆ ಕಡತವನ್ನು ಮುಚ್ಚಿ, ಎಕ್ಸೆಲ್‌ನಲ್ಲಿ ಖಾಲಿ ಹಾಳೆ ತೆರೆದು, `Data` ಪಟ್ಟಿಯ `From Text/CSV` ಮೂಲಕ ಮತ್ತೆ ತರಬೇಕು; `File Origin` ಎಂಬಲ್ಲಿ `65001: Unicode (UTF-8)` ಆರಿಸಬೇಕು. ಆದರೆ ಸೆಲ್ಲಿನಲ್ಲಿ ಬರೀ `????` ಇದ್ದರೆ ಆ ಹೆಸರು ಹೋಯಿತೆಂದೇ ಅರ್ಥ. ಕನ್ನಡವಿದ್ದ ಹಾಳೆಯನ್ನು ಯಾರೋ ಸಾಮಾನ್ಯ ಸಿಎಸ್‌ವಿಯಾಗಿ ಉಳಿಸಿದ್ದಾರೆ. ಮೂಲ ಕಡತವನ್ನೇ ಕೇಳಿ ಪಡೆಯಬೇಕು. ಉಳಿಸುವಾಗ `CSV UTF-8` ಆರಿಸಿದರೆ ಈ ನಷ್ಟ ಆಗುವುದಿಲ್ಲ.

ಯುನಿಕೋಡ್ ಯಾವುದು, ಹಳೆಯ ಫಾಂಟಿನದು ಯಾವುದು ಎಂದು ಇಡೀ ಕಾಲಮ್ಮಿಗೆ ಒಮ್ಮೆಲೇ ತಿಳಿಯಲು ಮೊದಲ ಅಕ್ಷರದ ಸಂಖ್ಯೆ ನೋಡಿದರೆ ಸಾಕು:

```
=IF(AND(UNICODE(B2)>=3200,UNICODE(B2)<=3327),1,0)
```

ಉತ್ತರ 1 ಬಂದರೆ ಯುನಿಕೋಡ್. 0 ಬಂದ ಸಾಲುಗಳನ್ನು ಕಣ್ಣಾರೆ ನೋಡಬೇಕು. ಅವು ನುಡಿಯಲ್ಲಿರಬಹುದು, ಇಂಗ್ಲಿಷಿನಲ್ಲೇ ಬರೆದ ಹೆಸರಾಗಿರಬಹುದು, ಅಥವಾ ಮೊದಲಿಗೆ ಒಂದು ಖಾಲಿ ಜಾಗ ಬಿದ್ದಿರಬಹುದು.

ಹಂತ 2: ನುಡಿಯಿಂದ ಯುನಿಕೋಡಿಗೆ

ನುಡಿಯ ಬರಹವನ್ನು ಹಾಗೆಯೇ ಇಟ್ಟುಕೊಂಡು ತಾಳೆ ಹಾಕುವುದಾಗಲಿ ಜೋಡಿಸುವುದಾಗಲಿ ಸಾಧ್ಯವಿಲ್ಲ. ಏಕೆಂದರೆ ಅಲ್ಲಿ ಕ ಎಂಬುದು `P`ಯಿಂದ, ಡ ಎಂಬುದು `q`ದಿಂದ, ಗ ಎಂಬುದು `U`ವಿನಿಂದ, ತ ಎಂಬುದು `v`ಯಿಂದ ಆರಂಭವಾಗುತ್ತದೆ. ಎಕ್ಸೆಲ್ ಇಂಗ್ಲಿಷ್ ಕ್ರಮದಲ್ಲಿ ಜೋಡಿಸಿದಾಗ ಕ, ಡ, ಗ, ತ ಎಂಬ ವಿಚಿತ್ರ ವರ್ಣಮಾಲೆ ಹುಟ್ಟುತ್ತದೆ. ಪಟ್ಟಿ ಏನೋ ಒಂದು ಕ್ರಮದಲ್ಲಿರುವಂತೆ ತೋರುವುದರಿಂದ ಇದು ಸುಲಭಕ್ಕೆ ಗಮನಕ್ಕೂ ಬರುವುದಿಲ್ಲ.

ಇನ್ನೊಂದು ಅಪಾಯ ದೊಡ್ಡಕ್ಷರ ಸಣ್ಣಕ್ಷರಗಳದು. ನುಡಿಯಲ್ಲಿ `D` ಎಂದರೆ ಆ, `d` ಎಂದರೆ ಜ. `d£À` ಎಂದರೆ "ಜನ". ಅದೇ ಸೆಲ್ಲಿಗೆ `UPPER` ಸೂತ್ರ ಹಾಕಿದರೆ `D£À` ಆಗಿ "ಆನ" ಎಂದು ಕಾಣುತ್ತದೆ. `VLOOKUP` ಮತ್ತು `MATCH` ಸೂತ್ರಗಳಂತೂ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನೇ ಎಣಿಸುವುದಿಲ್ಲ. ಆದ್ದರಿಂದ ಪರಿವರ್ತನೆಯೇ ಮೊದಲ ಕೆಲಸ.

ಪರಿವರ್ತನೆಗೆ ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕಗಳು ಬರುತ್ತವೆ. ಹೆಸರಿನ ಕಾಲಮ್ಮನ್ನು ಮಾತ್ರ ನಕಲು ಮಾಡಿ ಪರಿವರ್ತಕಕ್ಕೆ ಕೊಡಬೇಕು, ಫಲಿತಾಂಶವನ್ನು ಪಕ್ಕದ ಹೊಸ ಕಾಲಮ್ಮಿನಲ್ಲಿ ಅಂಟಿಸಬೇಕು. ಮೂಲ ಕಾಲಮ್ಮನ್ನು ಅಳಿಸಬಾರದು. ಇಂಗ್ಲಿಷಿನಲ್ಲಿ ಬರೆದ ಹೆಸರೊಂದು ನಡುವೆ ಸೇರಿದ್ದರೆ ಪರಿವರ್ತಕ ಅದನ್ನೂ ನುಡಿಯೆಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿಸುತ್ತದೆ. ಹಂತ 1ರಲ್ಲಿ 0 ಬಂದ ಸಾಲುಗಳನ್ನು ಕಣ್ಣಾರೆ ನೋಡಬೇಕೆಂದದ್ದು ಇದಕ್ಕಾಗಿಯೇ.

ಪರಿವರ್ತನೆಯ ನಂತರ ದೀರ್ಘವಿರುವ ಮತ್ತು ಅರ್ಕಾವೊತ್ತು ಇರುವ ಹತ್ತು ಹೆಸರುಗಳನ್ನಾದರೂ ಪರೀಕ್ಷಿಸಬೇಕು. ನುಡಿಯಲ್ಲಿ "ರಮೇಶ್" ಎಂಬುದು `gÀªÉÄÃ±ï`. ಇಲ್ಲಿ ಏತ್ವದ ದೀರ್ಘ ಪ್ರತ್ಯೇಕ ಗುರುತಾಗಿದೆ. ಒಳ್ಳೆಯ ಪರಿವರ್ತಕ ಇವೆರಡನ್ನೂ ಕೂಡಿಸಿ ಒಂದೇ ೇ ಕೊಡುತ್ತದೆ. ಕೂಡಿಸದೆ ಬಿಟ್ಟರೆ ಹೆಸರು ಪರದೆಯ ಮೇಲೆ ಸರಿಯಾಗಿಯೇ ಕಂಡರೂ ಒಳಗೆ ಒಂದು ಸಂಖ್ಯೆ ಹೆಚ್ಚಿರುತ್ತದೆ. ಅರ್ಕಾವೊತ್ತಿನ ಕಥೆಯೂ ಹೀಗೆಯೇ: ನುಡಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಉಚ್ಚರಿಸುವಂತೆ ಮೊದಲು ರ್ ಬರಬೇಕು.

ನಮ್ಮ ಪಟ್ಟಿಯಲ್ಲಿ ಪರಿವರ್ತನೆಗೆ ಮೊದಲು 42ರಲ್ಲಿ ಒಂದೂ ತಾಳೆಯಾಗಿರಲಿಲ್ಲ. ಪರಿವರ್ತನೆಯ ನಂತರ 21 ಹೆಸರು ನೇರವಾಗಿ ತಾಳೆಯಾದವು.

ಹಂತ 3: ಕಾಣದ ವ್ಯತ್ಯಾಸಗಳು

ಉಳಿದ 21ರಲ್ಲಿ ಹಲವು ಹೆಸರುಗಳು ಎರಡೂ ಪಟ್ಟಿಯಲ್ಲಿ ಅಕ್ಷರಶಃ ಒಂದೇ ಎಂದು ಕಾಣುತ್ತಿದ್ದವು. ಇಂಥಲ್ಲಿ ಊಹಿಸುತ್ತ ಕೂರದೆ ಹೆಸರನ್ನು ಬಿಡಿಸಿ ನೋಡಬೇಕು. ಹೆಸರು B2ನಲ್ಲಿದ್ದರೆ ಅದೇ ಸಾಲಿನ ಖಾಲಿ ಜಾಗದಲ್ಲಿ ಈ ಸೂತ್ರ ಬರೆದು ಬಲಕ್ಕೆ ಎಳೆಯಬೇಕು:

```
=UNICODE(MID($B2,COLUMN(A1),1))
```

"ಮಂಜುನಾಥ" ಎಂಬ ಎರಡು ಹೆಸರುಗಳನ್ನು ಹೀಗೆ ಬಿಡಿಸಿದಾಗ ಸಿಕ್ಕಿದ್ದು:

```
3246 3202 3228 3265 3240 3262 3237
3246 3302 3228 3265 3240 3262 3237
```

ಎರಡನೆಯ ಸ್ಥಾನ ನೋಡಿ. 3202 ಅನುಸ್ವಾರ. 3302 ಕನ್ನಡದ ಅಂಕಿ ಸೊನ್ನೆ. ಶಾಲೆಯಲ್ಲಿ ನಾವೆಲ್ಲ ಅನುಸ್ವಾರವನ್ನು "ಸೊನ್ನೆ" ಎಂದೇ ಕರೆಯುತ್ತ ಬಂದಿದ್ದೇವೆ. ಕೀಲಿಮಣೆಯಲ್ಲಿ ಸೊನ್ನೆ ಹುಡುಕಿದವರಿಗೆ ಅಂಕಿಯ ಸೊನ್ನೆ ಸಿಕ್ಕಿದರೆ ಆಶ್ಚರ್ಯವಿಲ್ಲ. ಎರಡರ ಉದ್ದವೂ ಏಳೇ ಆದ್ದರಿಂದ `LEN` ಸೂತ್ರದಿಂದ ಇದು ಸಿಕ್ಕಿಬೀಳುವುದಿಲ್ಲ. ಬಿಡಿಸಿ ನೋಡಿದರೆ ಮಾತ್ರ ತಿಳಿಯುತ್ತದೆ.

ಇನ್ನೊಂದು ಬಗೆ "ರಮೇಶ್" ಎಂಬಂಥ ಹೆಸರಿನದು. ಅದರ ಉದ್ದ 5 ಇರಬೇಕು. ಕೆಲವು ಕಡೆ 6 ಬಂತು. ಕೊನೆಯ ಸಂಖ್ಯೆ 8204. ಇದು ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಕಾಣದ ಗುರುತು. "ರಾಜ್‌ಕುಮಾರ್" ಬರೆಯುವಾಗ ಜ್ ಕೆಳಗೆ ಕ ಒತ್ತಾಗದಿರಲು ಅದು ಬೇಕೇ ಬೇಕು. ಆದರೆ ಕೆಲವು ಟೈಪಿಂಗ್ ವ್ಯವಸ್ಥೆಗಳು ಹಲಂತದಲ್ಲಿ ಮುಗಿಯುವ ಹೆಸರಿನ ಕೊನೆಗೂ ಅದನ್ನು ಸೇರಿಸುತ್ತವೆ. ಇದರ ಜೋಡಿಯಾದ 8205, ಹಾಗೂ ಖಾಲಿ ಜಾಗದಂತೆಯೇ ಕಂಡರೂ ಖಾಲಿ ಜಾಗವಲ್ಲದ 160 ಕೂಡ ಇಂಥವೇ.

ಇವನ್ನೆಲ್ಲ ಮೂಲ ಹೆಸರಿನಲ್ಲಿ ತಿದ್ದುವುದಿಲ್ಲ. E ಕಾಲಮ್ಮಿನಲ್ಲಿ ತಾಳೆಗೆಂದೇ ಒಂದು "ಕೀಲಿ" ತಯಾರಿಸುತ್ತೇವೆ. ಎರಡೂ ಹಾಳೆಗಳಲ್ಲಿ ಸೂತ್ರ ಒಂದೇ:

```
=TRIM(SUBSTITUTE(SUBSTITUTE(SUBSTITUTE(SUBSTITUTE(B2,
UNICHAR(8204),""),UNICHAR(8205),""),
UNICHAR(160)," "),UNICHAR(3302),UNICHAR(3202)))
```

ಈ ಕೀಲಿಯಿಂದ ಇನ್ನೂ 9 ಹೆಸರು ಕೂಡಿದವು. ಅವುಗಳಲ್ಲಿ ನಾಲ್ಕು ಸೊನ್ನೆಯವು, ಮೂರು ಕಾಣದ ಗುರುತಿನವು, ಎರಡು ಹೆಚ್ಚಿನ ಖಾಲಿ ಜಾಗದವು. ಒಟ್ಟು 30.

ಹಂತ 4: ಎರಡೂ ಕಡೆ ಒಂದೇ ಒಂದು

ತಾಳೆಯ ಸೂತ್ರದಲ್ಲಿ ಒಂದು ಷರತ್ತನ್ನು ಕಡ್ಡಾಯವಾಗಿ ಸೇರಿಸಬೇಕು. ಕೀಲಿಯು ಅಂಕಪಟ್ಟಿಯಲ್ಲೂ ಒಮ್ಮೆ ಮಾತ್ರ, ಕಚೇರಿಯ ಪಟ್ಟಿಯಲ್ಲೂ ಒಮ್ಮೆ ಮಾತ್ರ ಇದ್ದರೆ ಹಾಜರಿ ಸಂಖ್ಯೆ ತರಬೇಕು. ಇಲ್ಲವಾದರೆ "ನೋಡಿ" ಎನ್ನಬೇಕು. ಕಚೇರಿಯ ಪಟ್ಟಿ `Sheet2`ನಲ್ಲಿ, ಹಾಜರಿ ಸಂಖ್ಯೆ ಅದರ A ಕಾಲಮ್ಮಿನಲ್ಲಿ ಇದ್ದರೆ:

```
=IF(AND(COUNTIF($E$2:$E$43,E2)=1,
COUNTIF(Sheet2!$E$2:$E$43,E2)=1),
INDEX(Sheet2!$A$2:$A$43,
MATCH(E2,Sheet2!$E$2:$E$43,0)),"ನೋಡಿ")
```

ಈ ಷರತ್ತು ಏಕೆ ಎಂಬುದಕ್ಕೆ ನಮ್ಮ ಪಟ್ಟಿಯಲ್ಲೇ ಉತ್ತರವಿತ್ತು. ತರಗತಿಯಲ್ಲಿ ಭಾನು ಎಂಬ ಹುಡುಗಿಯೂ ಬಾನು ಎಂಬ ಹುಡುಗಿಯೂ ಇದ್ದರು. ಕಚೇರಿಯ ಪಟ್ಟಿಯಲ್ಲಿ ಇಬ್ಬರ ಹೆಸರೂ ಸರಿಯಾಗಿತ್ತು. ಅಂಕಪಟ್ಟಿಯಲ್ಲಿ ಎರಡು ಕಡೆಯೂ "ಬಾನು" ಎಂದಿತ್ತು, ಒಂದಕ್ಕೆ 25ರಲ್ಲಿ 7 ಅಂಕ, ಇನ್ನೊಂದಕ್ಕೆ 21. ಸಾಮಾನ್ಯ `VLOOKUP` ಎರಡೂ ಸಾಲಿಗೆ ಬಾನುವಿನ ಹಾಜರಿ ಸಂಖ್ಯೆಯನ್ನೇ ತರುತ್ತದೆ, ಯಾವ ದೋಷವನ್ನೂ ತೋರಿಸುವುದಿಲ್ಲ. ಭಾನು ಗೈರುಹಾಜರಾದಂತೆ ಕಾಣುತ್ತಾಳೆ. ಪರಿಹಾರ ಬೋಧನೆ ಬೇಕಾದವಳು ಇವರಿಬ್ಬರಲ್ಲಿ ಯಾರೆಂಬುದೇ ಮರೆಯಾಗುತ್ತದೆ. ತಾಳೆಯಾಗದ ಹೆಸರು ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ತಪ್ಪಾಗಿ ತಾಳೆಯಾದದ್ದು ಬೀಳುವುದಿಲ್ಲ. ಈ ಷರತ್ತು ಎರಡನೆಯದನ್ನು ಮೊದಲನೆಯದರ ಗುಂಪಿಗೆ ತಂದು ಹಾಕುತ್ತದೆ.

ಹೀಗೆ "ನೋಡಿ" ಎಂದು ಉಳಿದವರು 12. ಮಂಜುನಾಥ ಎಂಬ ಒಂದೇ ಹೆಸರಿನ ಇಬ್ಬರು, "ಬಾನು" ಎಂಬ ಎರಡು ಸಾಲು, ಕಾಗುಣಿತ ಬೇರೆಯಾದ 8 ಹೆಸರು.

ಹಂತ 5: ಕಾಗುಣಿತದ ವ್ಯತ್ಯಾಸ

ಉಳಿದ ಎಂಟರಲ್ಲಿ ಕಂಡ ವ್ಯತ್ಯಾಸಗಳು ನಮಗೆಲ್ಲ ಪರಿಚಿತ: ಮಹೇಶ–ಮಹೇಶ್, ಕವಿತ–ಕವಿತಾ, ಸಂತೋಷ–ಸಂತೋಶ, ಭಾಗ್ಯ–ಬಾಗ್ಯ, ಹನುಮಂತ–ಅನುಮಂತ. ಇಲ್ಲಿ ಕೀಲಿಯನ್ನು ಇನ್ನಷ್ಟು ಸಡಿಲಿಸಬಹುದು. F ಕಾಲಮ್ಮಿನಲ್ಲಿ ಕೊನೆಯ ಹಲಂತವನ್ನೂ ಕೊನೆಯ ದೀರ್ಘವನ್ನೂ ತೆಗೆಯುತ್ತೇವೆ, G ಕಾಲಮ್ಮಿನಲ್ಲಿ ಹೆಚ್ಚಾಗಿ ಅದಲುಬದಲಾಗುವ ಅಕ್ಷರಗಳನ್ನು ಒಂದಾಗಿಸುತ್ತೇವೆ:

```
=IF(OR(UNICODE(RIGHT(E2,1))=3277,
UNICODE(RIGHT(E2,1))=3262),LEFT(E2,LEN(E2)-1),E2)

=SUBSTITUTE(SUBSTITUTE(SUBSTITUTE(F2,
"ಥ","ತ"),"ಭ","ಬ"),"ಷ","ಶ")
```

ಈ ಸಡಿಲ ಕೀಲಿ ತೀರ್ಪು ಕೊಡಬಾರದು, ಸಂಭವನೀಯ ಜೋಡಿಯನ್ನು ಸೂಚಿಸಬೇಕು, ಅಷ್ಟೇ. ಕವಿತ, ಕವಿತಾ ಇಬ್ಬರೂ ಒಬ್ಬಳೇ ಆಗಿರುವುದು ಹೆಚ್ಚು. ಆದರೆ ಅರುಣ ಹುಡುಗ, ಅರುಣಾ ಹುಡುಗಿ; ಸಡಿಲ ಕೀಲಿಯಲ್ಲಿ ಇಬ್ಬರೂ "ಅರುಣ" ಆಗುತ್ತಾರೆ. ಭಾನು, ಬಾನು ಕೂಡ ಇಲ್ಲಿ ಒಂದಾಗಿಬಿಡುತ್ತಾರೆ. ಒಂದು ಹೆಸರಿನಲ್ಲಿ ಬರೀ ಕಾಗುಣಿತದ ರೂಢಿಯಾಗಿರುವ ದೀರ್ಘವೋ ಮಹಾಪ್ರಾಣವೋ ಇನ್ನೊಂದು ಹೆಸರಿನಲ್ಲಿ ಇಬ್ಬರು ಮಕ್ಕಳನ್ನು ಬೇರ್ಪಡಿಸುವ ಏಕೈಕ ಗುರುತಾಗಿರುತ್ತದೆ. ಸೂತ್ರಕ್ಕೆ ಈ ಭೇದ ತಿಳಿಯದು.

ಎಂಟರಲ್ಲಿ ಆರಕ್ಕೆ ಸಡಿಲ ಕೀಲಿಯಿಂದ ಒಂದೊಂದೇ ಜೋಡಿ ಸಿಕ್ಕಿತು. "ಅರುಣ"ನಿಗೆ ಎರಡು ಸಿಕ್ಕಿದವು: ಅರುಣ್ ಮತ್ತು ಅರುಣಾ. "ಅನುಮಂತ"ನಿಗೆ ಯಾವುದೂ ಸಿಗಲಿಲ್ಲ, ಏಕೆಂದರೆ ಹಕಾರ ಬಿಟ್ಟುಹೋದದ್ದನ್ನು ನಮ್ಮ ಸೂತ್ರ ಗಮನಿಸುವುದಿಲ್ಲ. ಅದಕ್ಕೂ ಒಂದು ನಿಯಮ ಬರೆಯಬಹುದಿತ್ತು. ಆದರೆ ಒಂದು ಹೆಸರಿಗಾಗಿ ಬರೆದ ನಿಯಮ ಬೇರೆ ಹೆಸರುಗಳನ್ನು ತಪ್ಪಾಗಿ ಕೂಡಿಸುವ ಸಾಧ್ಯತೆ ಹೆಚ್ಚು.

ಕೊನೆಗೆ "ನೋಡಿ" ಎಂದಿದ್ದ 12 ಉತ್ತರಪತ್ರಿಕೆಗಳನ್ನು ಮಾರ್ಗದರ್ಶಕ ಶಿಕ್ಷಕರಿಂದ ಪಡೆದು, ಮೇಲೆ ಬರೆದಿದ್ದ ಹಾಜರಿ ಸಂಖ್ಯೆಯನ್ನು ಕೈಯಾರೆ ನಮೂದಿಸಲಾಯಿತು. ಸಡಿಲ ಕೀಲಿ ಸೂಚಿಸಿದ ಆರೂ ಜೋಡಿಗಳು ಸರಿಯಾಗಿದ್ದವು. 7 ಅಂಕ ಪಡೆದವಳು ಭಾನು ಎಂದು ತಿಳಿದದ್ದೂ ಇಲ್ಲಿಯೇ. 42 ಪತ್ರಿಕೆಗಳ ಬದಲು 12ನ್ನು ನೋಡಿದ್ದು ಸೂತ್ರಗಳು ಉಳಿಸಿಕೊಟ್ಟ ಶ್ರಮ; ಆ 12ನ್ನು ನೋಡಲೇಬೇಕಾದದ್ದು ಅವುಗಳ ಮಿತಿ.

ಹಂತ 6: ಅಕಾರಾದಿ ಕ್ರಮ

ಹೆಸರುಗಳೆಲ್ಲ ಯುನಿಕೋಡ್ ಆದ ಮೇಲೆ ಜೋಡಣೆ ಬಹುಮಟ್ಟಿಗೆ ಸರಿಯಾಗುತ್ತದೆ, ಏಕೆಂದರೆ ಯುನಿಕೋಡಿನ ಸಂಖ್ಯೆಗಳೂ ಬಹುಪಾಲು ವರ್ಣಮಾಲೆಯ ಕ್ರಮದಲ್ಲೇ ಇವೆ. ಮುಖ್ಯವಾದ ಅಪವಾದ ಳ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಬರುವ ಕೊನೆಯ ಅಕ್ಷರ. ಯುನಿಕೋಡಿನಲ್ಲಿ ಅದರ ಸಂಖ್ಯೆ 3251, ಲಕಾರದ 3250ರ ಮಗ್ಗುಲಲ್ಲೇ. ಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ತಂತ್ರಾಂಶದಲ್ಲಿ ಮಾಳವಿಕಾ ಮಾಹಿರಾಳಿಗಿಂತ ಮೊದಲು ಬರುತ್ತಾಳೆ.

ಯಾವ ತಂತ್ರಾಂಶ ಹೇಗೆ ಜೋಡಿಸುತ್ತದೆಂದು ತಿಳಿಯಲು ಎಂಟು ಹೆಸರುಗಳ ಪರೀಕ್ಷೆ ಸಾಕು. ಇವನ್ನು ಕಲಸಿ ಬರೆದು, ಜೋಡಿಸಿ, ಈ ಕ್ರಮ ಬರುತ್ತದೆಯೇ ನೋಡಬೇಕು: ಅಂಬಿಕಾ, ಅನಿತಾ, ಕಮಲಾ, ಕೃಷ್ಣ, ಕ್ಷಮಾ, ಮಾಲತಿ, ಮಾಹಿರಾ, ಮಾಳವಿಕಾ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ `Sort` ಕಿಟಕಿಯ `Options` ಒಳಗೆ ಭಾಷೆಯನ್ನು ಕನ್ನಡವೆಂದು ಆರಿಸುವ ಅವಕಾಶವಿದೆ. ಪರೀಕ್ಷೆಗೆ ಮೊದಲು ಅದನ್ನು ಆರಿಸಿರಬೇಕು. ಮಾಳವಿಕಾ ಮಾಹಿರಾಳಿಗಿಂತ ಮೊದಲು ಬಂದರೆ ಮಾತ್ರ, ಜೋಡಣೆಗೆಂದು ಇನ್ನೊಂದು ಕಾಲಮ್ ಮಾಡಿ, ಅದರ ಮೇಲೆ ಜೋಡಿಸಿ, ಮತ್ತೆ ಪರೀಕ್ಷಿಸಬೇಕು:

```
=SUBSTITUTE(E2,"ಳ","ಹೞ")
```

ೞ ಅಕ್ಷರದ ಸಂಖ್ಯೆ ಹೆಸರುಗಳಲ್ಲಿ ಬಳಕೆಯಾಗುವ ಸ್ವರಚಿಹ್ನೆಗಳಿಗಿಂತ ದೊಡ್ಡದು. ಹಾಗಾಗಿ "ಹೞ" ಎಂಬುದು ಹಕಾರದ ಇಡೀ ಕಾಗುಣಿತ ಮುಗಿದ ಮೇಲೆ ನಿಲ್ಲುತ್ತದೆ, ಅಂದರೆ ಳ ಇರಬೇಕಾದ ಜಾಗದಲ್ಲಿ. ಜೋಡಣೆಯನ್ನು ಯಾವಾಗಲೂ ಕೀಲಿಯಿಂದಲೇ ಮಾಡಬೇಕು. ಮೂಲ ಹೆಸರಿನ ಮೇಲೆ ಮಾಡಿದರೆ ಅಂಕಿಯ ಸೊನ್ನೆ ಇರುವ ಮಂಜುನಾಥ ಅನುಸ್ವಾರವಿರುವ ಮಂಜುನಾಥನಿಂದ ದೂರ ಹೋಗಿ ಬೀಳುತ್ತಾನೆ. ಮೊದಲಕ್ಷರಗಳನ್ನು ಕೆಲವರು ಹೆಸರಿಗೆ ಮುಂಚೆ, ಕೆಲವರು ನಂತರ ಬರೆದಿದ್ದರೆ ಅವನ್ನು ಬೇರೆ ಕಾಲಮ್ಮಿಗೆ ತೆಗೆದಿಟ್ಟ ಮೇಲೆಯೇ ಕೀಲಿ ಮಾಡಬೇಕು. ಇಲ್ಲದಿದ್ದರೆ "ಕೆ. ಮಂಜುನಾಥ" ಕಕಾರದಲ್ಲಿ ಕೂರುತ್ತಾನೆ.

ತರಗತಿಯಲ್ಲಿ ಬಳಕೆ

ಇದೇ ಎಂಟು ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಗುಂಪುಗಳಿಗೆ ಕೊಟ್ಟು, ನಿಘಂಟಿನ ಕ್ರಮದಲ್ಲಿ ಜೋಡಿಸಲು ಹೇಳಬಹುದು. ಅಂಬಿಕಾ ಎಲ್ಲಿ ಬರಬೇಕೆಂಬ ಚರ್ಚೆ ತಾನಾಗಿಯೇ ಹುಟ್ಟುತ್ತದೆ. ವರ್ಣಮಾಲೆಯನ್ನು ಬಾಯಿಪಾಠ ಹೇಳುವಾಗ ಅಂ ಬರುವುದು ಔಕಾರದ ನಂತರ. ನಿಘಂಟಿನಲ್ಲಿ "ಅಂ" ಇರುವ ಪದಗಳು ಅಕಾರದ ಆರಂಭದಲ್ಲೇ ಸಿಗುತ್ತವೆ. ಅನುಸ್ವಾರ ಸ್ವತಂತ್ರ ಸ್ವರವಲ್ಲ, ಅಕಾರದ ಮೇಲೆ ಬಂದ ಯೋಗವಾಹ ಎಂಬ ವ್ಯಾಕರಣದ ಅಂಶವನ್ನು ಇಲ್ಲಿಂದಲೇ ಮಕ್ಕಳಿಂದ ಹೊರಡಿಸಬಹುದು. ನಂತರ ಗಣಕ ಕೊಠಡಿಯಲ್ಲಿ ಪ್ರತಿ ಮಗು ತನ್ನ ಹೆಸರನ್ನು ಟೈಪ್ ಮಾಡಿ ಸಂಖ್ಯೆಗಳಾಗಿ ಬಿಡಿಸಿ ನೋಡಲಿ. ಒತ್ತಕ್ಷರದ ನಡುವೆ 3277, ಅಂದರೆ ಹಲಂತ, ಅಡಗಿ ಕೂತಿರುವುದು ಆಗ ಕಣ್ಣಿಗೆ ಕಾಣುತ್ತದೆ.

ಗಮನಿಸಬೇಕಾದ ಗೆರೆ

ಕೀಲಿ ನಮ್ಮ ಲೆಕ್ಕಕ್ಕೆ ಮಾತ್ರ. ಕೀಲಿಯ ರೂಪವನ್ನು ಹೆಸರಿನ ಕಾಲಮ್ಮಿಗೆ ಅಂಟಿಸಿ ಪಟ್ಟಿಯನ್ನು "ಶುದ್ಧ" ಮಾಡಬಾರದು. ಮಗುವಿನ ಹೆಸರಿನ ಅಧಿಕೃತ ರೂಪ ದಾಖಲಾತಿ ವಹಿಯಲ್ಲಿರುವುದು. ಮುಂದಿನ ದಾಖಲೆಗಳೆಲ್ಲ ಅದನ್ನೇ ಅನುಸರಿಸುತ್ತವೆ. ವಹಿಯಲ್ಲಿ "ಸಂತೋಶ" ಎಂದಿದ್ದರೆ ಅದು ತಪ್ಪೆಂದು ನಮಗೆ ತೋರಿದರೂ ತಿದ್ದುವ ಅಧಿಕಾರ ನಮ್ಮದಲ್ಲ. ಅಂಥ ಹೆಸರುಗಳನ್ನು, ಎರಡೂ ಪಟ್ಟಿಯ ರೂಪಗಳೊಂದಿಗೆ, ಪ್ರತ್ಯೇಕ ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ಕೊಡುವುದು ಸರಿಯಾದ ಕ್ರಮ. ಮುಂದಿನ ಪರೀಕ್ಷೆಯ ಅಂಕಪಟ್ಟಿಯಲ್ಲಿ ಹೆಸರಿನ ಪಕ್ಕ ಹಾಜರಿ ಸಂಖ್ಯೆಯ ಕಾಲಮ್ಮನ್ನೂ ಇಟ್ಟೆವು. ತಾಳೆ ಆ ಸಂಖ್ಯೆಯಿಂದಲೇ ಆಯಿತು. ಹೆಸರಿನ ಕೀಲಿ ಬೇಕಾದದ್ದು ಸಂಖ್ಯೆ ತಪ್ಪಾಗಿ ಬಿದ್ದಿದೆಯೇ ಎಂದು ಪರೀಕ್ಷಿಸಲು ಮಾತ್ರ.